ಯಾವ ಕೋರ್ಸಿಗೆ, ಯಾವ ಪರಿಚಯದ ಮೇಲೆ?

“ಟೀಚರೇ, ನಾನು ಮುಂದೆ ಓದಲು ಅರ್ಜಿ ಹಾಕುತ್ತಿದ್ದೇನೆ. ನನಗೊಂದು ಶಿಫಾರಸು ಪತ್ರ ಬೇಕಿತ್ತು. ಸ್ವಲ್ಪ ಬೇಗ ಸಿಕ್ಕಿದರೆ ಉಪಕಾರವಾಗುತ್ತಿತ್ತು.”

ಕೊಡುತ್ತೇನೆ. ಆದರೆ ಇಷ್ಟನ್ನೇ ಮುಂದಿಟ್ಟುಕೊಂಡು ಒಂದು ಸಾಲನ್ನೂ ಬರೆಯಲು ಆಗುವುದಿಲ್ಲ. ಪತ್ರ ಓದುವವರು ಮೊದಲು ನೋಡುವುದು ಎರಡೇ ವಿಷಯ: ಬರೆದವರಿಗೆ ಈ ವಿದ್ಯಾರ್ಥಿ ಯಾವ ಕೆಲಸದಲ್ಲಿ ನೋಡಿ ಎಷ್ಟು ಗೊತ್ತು, ಮತ್ತು ನಾವು ಕಲಿಸಲಿರುವ ಈ ನಿರ್ದಿಷ್ಟ ಓದಿಗೆ ಇವರು ಹೊಂದುತ್ತಾರೆಯೇ. ಈ ಸಂದೇಶದಲ್ಲಿ ಎರಡೂ ಇಲ್ಲ. ಹಲವು ಸಲ ಹೆಸರೂ ಇರುವುದಿಲ್ಲ. ವಾಟ್ಸ್ಆ್ಯಪಿನ ಚಿತ್ರದಲ್ಲಿ ಯಕ್ಷಗಾನದ ಕಿರೀಟವೋ ಕಣಗಿಲೆ ಹೂವೋ ಇರುತ್ತದೆ, ಹೆಸರಿನ ಜಾಗದಲ್ಲಿ ಮನೆಯವರು ಕರೆಯುವ ಅಡ್ಡಹೆಸರು. ನಾನು ಕಾಸರಗೋಡಿನ ಒಂದು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತೇನೆ. ಒಂದೇ ಹೆಸರಿನ ಇಬ್ಬರು ಪ್ರತಿ ಬ್ಯಾಚಿನಲ್ಲೂ ಇರುತ್ತಾರೆ. ಐದು ವರ್ಷದ ಹಿಂದೆ ಎರಡನೇ ಬೆಂಚಿನಲ್ಲಿ ಕುಳಿತಿದ್ದವರು ಯಾರೆಂದು ನನಗೆ ನೆನಪಿದೆ ಎಂದು ನೀವು ನಂಬಿರುವುದು ಸಂತೋಷದ ವಿಷಯವೇ. ನಂಬಿಕೆ ಮಾತ್ರ ನಿಜವಲ್ಲ.

ಮೊದಲು ನೋಡಬೇಕಾದದ್ದು, ಪತ್ರ ನಿಜವಾಗಿಯೂ ಬೇಕೇ ಎಂಬುದನ್ನು. ಕೇಳುವವರಲ್ಲಿ ಅನೇಕರಿಗೆ ಬೇಕಿರುವುದಿಲ್ಲ. ಪೆರಿಯದ ಕೇರಳ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಎಂ.ಎಸ್‌ಸಿ. ಸೇರಬೇಕಾದರೆ ಸಿಯುಇಟಿ ಸ್ನಾತಕೋತ್ತರ ಪ್ರವೇಶ ಪರೀಕ್ಷೆ ಬರೆಯಬೇಕು. ನನ್ನ ಕಾಗದ ಅಲ್ಲಿ ಯಾವ ಲೆಕ್ಕಕ್ಕೂ ಇಲ್ಲ. ಕರ್ನಾಟಕದ ವೃತ್ತಿಪರ ಕೋರ್ಸುಗಳಲ್ಲಿ ಗಡಿನಾಡು ಕನ್ನಡಿಗರಿಗಿರುವ ಅವಕಾಶವನ್ನು ಕೇಳುವವರಿಗೆ ಬೇಕಾದದ್ದು ವಾಸಸ್ಥಳದ, ಓದಿನ ದಾಖಲೆಗಳು ಮತ್ತು ಕನ್ನಡ ಪರೀಕ್ಷೆ. ಕಾಲೇಜು ಬಿಟ್ಟು ಹೋಗುವಾಗ ಟಿಸಿಯ ಜೊತೆ ಕೊಡುವ ನಡತೆ ಪತ್ರವನ್ನೇ ಕೆಲವರು ಶಿಫಾರಸು ಪತ್ರವೆಂದುಕೊಂಡಿರುತ್ತಾರೆ. ಅದನ್ನು ಕಚೇರಿಯಲ್ಲಿ ಕೊಡುತ್ತಾರೆ, ನಾನಲ್ಲ. ಪತ್ರ ನಿಜಕ್ಕೂ ಬೇಕಾಗುವುದು ವಿದೇಶದ ಸ್ನಾತಕೋತ್ತರ ಮತ್ತು ಪಿಎಚ್.ಡಿ. ಅರ್ಜಿಗಳಿಗೆ, ಕೆಲವು ವಿದ್ಯಾರ್ಥಿವೇತನಗಳಿಗೆ, ವಿಜ್ಞಾನ ಅಕಾಡೆಮಿಗಳು ಕೊಡುವ ಬೇಸಿಗೆ ಸಂಶೋಧನಾ ಫೆಲೋಶಿಪ್‌ನಂಥವುಗಳಿಗೆ, ನಮ್ಮ ದೇಶದ ಕೆಲವೇ ಕೆಲವು ಸಂಸ್ಥೆಗಳಿಗೆ. ಆದ್ದರಿಂದ ಅರ್ಜಿಯ ಯಾವ ಪುಟದಲ್ಲಿ ಅದನ್ನು ಕೇಳಿದ್ದಾರೋ ಆ ಪುಟವನ್ನೇ ನನಗೆ ಕಳುಹಿಸಿ. ಅಲ್ಲಿ ಎಷ್ಟು ಪತ್ರ, ಯಾರಿಂದ, ಎಷ್ಟು ಉದ್ದ, ಯಾವ ಪ್ರಶ್ನೆಗಳಿಗೆ ಉತ್ತರ ಎಂಬುದೆಲ್ಲ ಇರುತ್ತದೆ.

ಈಗ ಪರಿಚಯದ ಮಾತು. “ಟೀಚರಿಗೆ ನಾನು ಗೊತ್ತು” ಎನ್ನುವುದರಲ್ಲಿ ನಾಲ್ಕೈದು ಬಗೆ ಇದೆ, ಒಂದೊಂದರಿಂದಲೂ ನಾನು ಹೇಳಬಹುದಾದದ್ದು ಬೇರೆ. ಅರುವತ್ತು ಜನರ ಸಾಮಾನ್ಯ ತರಗತಿಯಲ್ಲಿ ಒಂದು ಸೆಮಿಸ್ಟರ್ ನೀವು ನನ್ನ ಮುಂದೆ ಕುಳಿತಿದ್ದರೆ ನನ್ನ ಬಳಿ ಇರುವುದು ಹಾಜರಿ ಮತ್ತು ಇಂಟರ್ನಲ್ ಅಂಕ. ಅಂಕಪಟ್ಟಿ ಅರ್ಜಿಯ ಜೊತೆ ಹೇಗೂ ಹೋಗಿರುತ್ತದೆ. ಅದನ್ನೇ ವಾಕ್ಯಗಳಲ್ಲಿ ಬರೆದು ಕಳುಹಿಸಿದರೆ ಓದುವವರಿಗೆ ಹೊಸದೇನೂ ಸಿಗುವುದಿಲ್ಲ. ಪ್ರಯೋಗಾಲಯದಲ್ಲಿ ನೋಡಿದ್ದರೆ ಸ್ವಲ್ಪ ಹೆಚ್ಚು ಹೇಳಬಹುದು: ಕಾಂಡದ ತೆಳು ಸೀಳು ತೆಗೆಯುವಾಗ ಕೈ ಹೇಗಿತ್ತು, ಸೂಕ್ಷ್ಮದರ್ಶಕದಲ್ಲಿ ಕಂಡದ್ದನ್ನು ಬಿಡಿಸಿದರೋ ಪುಸ್ತಕದಲ್ಲಿದ್ದದ್ದನ್ನು ಬಿಡಿಸಿದರೋ. ಪ್ರಾಜೆಕ್ಟಿಗೆ ನಾನೇ ಗೈಡ್ ಆಗಿದ್ದರೆ ಇನ್ನೂ ಒಳ್ಳೆಯದು. ಎನ್‌ಎಸ್‌ಎಸ್‌ನಿಂದ ಪರಿಚಯವಾದವರೂ ಇದ್ದಾರೆ. ಏಳು ದಿನದ ಶಿಬಿರದಲ್ಲಿ ಅನ್ನ ಬೇಯಿಸುವ ಒಲೆಯ ಪಕ್ಕದಲ್ಲಿ ನೋಡಿದ ಹುಡುಗನ ಬಗ್ಗೆ ನಾನು ಸಮಾಜಕಾರ್ಯದ ಕೋರ್ಸಿಗೆ ಧಾರಾಳವಾಗಿ ಬರೆಯಬಲ್ಲೆ. ಅದೇ ಹುಡುಗ ಜೀವರಸಾಯನಶಾಸ್ತ್ರಕ್ಕೆ ಹೊರಟರೆ ಆ ಪರಿಚಯದಿಂದ ಅಷ್ಟೇನೂ ಪ್ರಯೋಜನವಿಲ್ಲ. ಆಗ ಅವನು ಕೇಳಬೇಕಾದದ್ದು ರಸಾಯನಶಾಸ್ತ್ರದ ಅಧ್ಯಾಪಕರನ್ನು.

ಹೆಚ್ಚಿನ ಅರ್ಜಿಗಳಲ್ಲಿ ಇದನ್ನು ನೇರವಾಗಿಯೇ ಕೇಳುತ್ತಾರೆ: ಅಭ್ಯರ್ಥಿ ನಿಮಗೆ ಎಷ್ಟು ಕಾಲದಿಂದ ಗೊತ್ತು, ಯಾವ ನೆಲೆಯಲ್ಲಿ? ಅಲ್ಲಿ ನಾನು ತಪ್ಪು ತಿಂಗಳು ಬರೆದು, ನೀವು ನಿಮ್ಮ ಅರ್ಜಿಯಲ್ಲಿ ಬೇರೆ ತಿಂಗಳು ಬರೆದರೆ, ಎರಡನ್ನೂ ಒಟ್ಟಿಗೆ ಓದುವವರಿಗೆ ಮೊದಲ ಸಂಶಯ ಹುಟ್ಟುವುದು ಅಲ್ಲಿಯೇ. ಹಾಗಾಗಿ ಸೇರಿದ ವರ್ಷ, ರಿಜಿಸ್ಟರ್ ನಂಬರು, ನಾನು ಕಲಿಸಿದ ಪೇಪರಿನ ಹೆಸರು, ಪ್ರಾಜೆಕ್ಟಿನ ಶೀರ್ಷಿಕೆ ಇಷ್ಟನ್ನು ನೀವೇ ಕೊಡಬೇಕು. ಪ್ರಾಜೆಕ್ಟ್ ವರದಿಗಳು ವಿಭಾಗದ ಕಪಾಟಿನಲ್ಲಿರುತ್ತವೆ, ಶೀರ್ಷಿಕೆ ಗೊತ್ತಾದರೆ ತೆಗೆದು ಓದುತ್ತೇನೆ. ಇನ್ನೊಂದು ವಿಷಯ ಇದಕ್ಕಿಂತ ಮುಖ್ಯ. ನಮ್ಮಲ್ಲಿ ಪದವಿಯ ಪ್ರಾಜೆಕ್ಟ್ ಹೆಚ್ಚಾಗಿ ಗುಂಪಿನ ಕೆಲಸ. ವರದಿಯಲ್ಲಿ ಎಲ್ಲರ ಹೆಸರೂ ಇರುತ್ತದೆ, ಯಾರು ಏನು ಮಾಡಿದರು ಎಂಬುದು ಇರುವುದಿಲ್ಲ. ನೀವು ಮಾಡಿದ ಭಾಗ ಯಾವುದೆಂದು ಹೇಳದಿದ್ದರೆ ಗುಂಪಿನ ನಾಲ್ವರಿಗೂ ಒಂದೇ ಪತ್ರ ಬರೆದಂತಾಗುತ್ತದೆ.

ಒಂದು ಉದಾಹರಣೆ ಕೊಡುತ್ತೇನೆ. ಯಾರೆಂದು ಗೊತ್ತಾಗದ ಹಾಗೆ ಅಲ್ಪಸ್ವಲ್ಪ ಬದಲಾಯಿಸಿದ್ದೇನೆ.

ಬದಿಯಡ್ಕದ ಕಡೆಯ ಒಬ್ಬ ವಿದ್ಯಾರ್ಥಿನಿ ಮೇಲಿನಂಥದೇ ಸಂದೇಶ ಕಳುಹಿಸಿದಳು. ನಾನು ಕೇಳಿದೆ: ನೀನು ಯಾವ ಬ್ಯಾಚು, ಪ್ರಾಜೆಕ್ಟು ಯಾವುದು, ಅದರಲ್ಲಿ ನಿನ್ನ ಪಾಲು ಯಾವುದು, ಈಗ ಅರ್ಜಿ ಯಾವ ಕೋರ್ಸಿಗೆ? ಉತ್ತರ ಬಂತು. ಯುರೋಪಿನ ಒಂದು ವಿಶ್ವವಿದ್ಯಾಲಯದಲ್ಲಿ ಸಸ್ಯರೋಗಶಾಸ್ತ್ರದ ಎಂ.ಎಸ್‌ಸಿ. ಪ್ರಾಜೆಕ್ಟು ಅಡಿಕೆಯ ಕೊಳೆರೋಗದ ಬಗ್ಗೆ. ಗುಂಪಿನಲ್ಲಿ ನಾಲ್ವರು, ರೋಗಾಣುವನ್ನು ಬೇರ್ಪಡಿಸಿ ಬೆಳೆಸುವ ಕೆಲಸ ಇವಳದು. “ಟೀಚರೇ, ಮೊದಲು ಪ್ಲೇಟುಗಳೆಲ್ಲ ಹಾಳಾದವಲ್ಲ, ಆ ಪ್ರಾಜೆಕ್ಟು” ಎಂದು ಕೊನೆಯಲ್ಲಿ ಒಂದು ಸಾಲು ಸೇರಿಸಿದ್ದಳು. ಆ ಒಂದು ಸಾಲಿನಿಂದ ನನಗೆ ಇಡೀ ಮಳೆಗಾಲ ನೆನಪಾಯಿತು.

ಕೊಳೆರೋಗವನ್ನು ನಮ್ಮ ತೋಟದವರು ಮಹಾಳಿ ಎನ್ನುತ್ತಾರೆ. ಜಡಿಮಳೆ ಹಿಡಿದಾಗ ಎಳೆಯ ಅಡಿಕೆಯ ಮೇಲೆ ನೀರು ತೋಯ್ದಂಥ ಕಲೆ ಬೀಳುತ್ತದೆ, ಅದು ಹರಡಿ ಕಾಯಿ ಕೊಳೆತು ಉದುರುತ್ತದೆ. ಕಾರಣ ಫೈಟಾಫ್ಥೊರಾ ಎಂಬ ಜೀವಿ. ನೋಡಲು ಶಿಲೀಂಧ್ರದಂತಿದ್ದರೂ ನಿಜವಾದ ಶಿಲೀಂಧ್ರವಲ್ಲ. ಅದನ್ನು ಬೇರ್ಪಡಿಸುವುದು ಪದವಿ ವಿದ್ಯಾರ್ಥಿಗಳಿಗೆ ಸುಲಭದ ಕೆಲಸವಲ್ಲ. ಬಿದ್ದ ಕಾಯಿ ನೆಲಕ್ಕೆ ತಾಗಿದ ಕೂಡಲೇ ಬೇರೆ ಹತ್ತು ಬಗೆಯ ಬೂಷ್ಟು, ಬ್ಯಾಕ್ಟೀರಿಯಾ ಬಂದು ಸೇರಿಕೊಳ್ಳುತ್ತವೆ, ಮತ್ತು ಅವು ರೋಗಾಣು ಬೆಳೆಸಲು ಅಗರ್ ಹಾಕಿಟ್ಟ ಪ್ಲೇಟಿನಲ್ಲಿ ಫೈಟಾಫ್ಥೊರಾಗಿಂತ ಬೇಗ ಬೆಳೆಯುತ್ತವೆ. ಗುಂಪಿನ ಮೊದಲ ಪ್ಲೇಟುಗಳಲ್ಲಿ ಆದದ್ದೂ ಅದೇ. ಎಲ್ಲ ಕಡೆ ಗುಲಾಬಿ ಬಣ್ಣದ ಹತ್ತಿಯಂಥ ಬೆಳವಣಿಗೆ, ಅಂಚಿನಲ್ಲಿ ಲೋಳೆ. ಉಳಿದವರು ಆಲೂಗಡ್ಡೆಯ ಅಗರ್ ಸರಿಯಾಗಿ ಬೆಂದಿಲ್ಲ, ಆಟೊಕ್ಲೇವ್ ಕೆಟ್ಟಿದೆ ಎಂದು ಮಾತಾಡಿಕೊಳ್ಳುತ್ತಿದ್ದರು. ಇವಳ ಟಿಪ್ಪಣಿ ಪುಸ್ತಕದಲ್ಲಿ ಮಾತ್ರ ಪ್ರತಿ ಪ್ಲೇಟಿಗೂ ಒಂದು ಸಣ್ಣ ಕಾಯಿಯ ಚಿತ್ರವಿತ್ತು, ತುಂಡನ್ನು ಕಾಯಿಯ ಯಾವ ಜಾಗದಿಂದ ತೆಗೆದದ್ದೆಂದು ಚುಕ್ಕೆ ಇಟ್ಟು ಗುರುತು ಮಾಡಿದ್ದಳು. ಹಾಗೆ ಮಾಡು ಎಂದು ನಾನು ಹೇಳಿರಲಿಲ್ಲ. ಹಾಳಾದ ಪ್ಲೇಟುಗಳನ್ನು ಆ ಚಿತ್ರಗಳ ಪಕ್ಕದಲ್ಲಿಟ್ಟು ನೋಡಿದಾಗ, ಕಲೆಯ ನಡುವಿನಿಂದ ತೆಗೆದ ತುಂಡುಗಳೆಲ್ಲ ಕೆಟ್ಟಿದ್ದವು, ಕೊಳೆತ ಭಾಗವೂ ಆರೋಗ್ಯವಿರುವ ಭಾಗವೂ ಕೂಡುವ ಅಂಚಿನಿಂದ ತೆಗೆದ ಒಂದೆರಡರಲ್ಲಿ ಬಿಳಿಯ ಬೇರೆ ಬಗೆಯ ಬೆಳವಣಿಗೆ ಇತ್ತು. ರೋಗಾಣು ಮುಂದೆ ಸಾಗುತ್ತಿರುವುದು ಆ ಅಂಚಿನಲ್ಲಿ, ನಡುವಿನಲ್ಲಿ ಉಳಿದಿರುವುದು ಆಮೇಲೆ ಬಂದ ಕೊಳೆತಿನಿಗಳು. ಅವಳು ಮುಂದಿನ ಸಲ ಮರದಿಂದಲೇ ಇಳಿಸಿದ ಕಾಯಿ ತಂದು, ಅಂಚಿನ ಚಿಕ್ಕ ತುಂಡುಗಳನ್ನು ಮಾತ್ರ ತೆಗೆದು, ಹೈಪೊಕ್ಲೋರೈಟಿನಲ್ಲಿ ಅದ್ದಿ, ಶುದ್ಧ ನೀರಿನಲ್ಲಿ ಮೂರು ಸಲ ತೊಳೆದು ಇಟ್ಟಳು. ಸೂಕ್ಷ್ಮದರ್ಶಕದಲ್ಲಿ ಫೈಟಾಫ್ಥೊರಾದ ಗುರುತಾದ ಅಡ್ಡಗೋಡೆಗಳಿಲ್ಲದ ಎಳೆಗಳೂ ನಿಂಬೆಹಣ್ಣಿನಾಕಾರದ ಬೀಜಕ ಚೀಲಗಳೂ ಕಂಡವು.

ಪತ್ರದ ನಡುವಿನ ಪ್ಯಾರಾ ಬಹುಪಾಲು ಇಷ್ಟೇ ಆಯಿತು. ಸಸ್ಯರೋಗಶಾಸ್ತ್ರದವರಿಗೆ ಇದನ್ನು ವಿವರಿಸಿ ಹೇಳುವ ಅಗತ್ಯವೂ ಇಲ್ಲ. ತುಂಡನ್ನು ಎಲ್ಲಿಂದ ತೆಗೆಯಬೇಕೆಂಬುದು ಅವರ ಪಠ್ಯದ ಮೊದಲ ಪಾಠ. ಅದನ್ನು ಈ ಹುಡುಗಿ ಓದಿ ತಿಳಿದದ್ದಲ್ಲ, ತನ್ನದೇ ಹಾಳಾದ ಪ್ಲೇಟುಗಳಿಂದ ಕಂಡುಕೊಂಡದ್ದು ಎಂದು ತಿಳಿದರೆ ಅವರಿಗೆ ಸಾಕು. “ಶ್ರಮಜೀವಿ, ಪ್ರಾಮಾಣಿಕಳು, ವಿಧೇಯಳು” ಎಂದು ನಾನು ಎಲ್ಲಿಯೂ ಬರೆಯಲಿಲ್ಲ. ವಿಧೇಯತೆ ನಮ್ಮ ಊರಿನ ನಡತೆ ಪತ್ರಗಳಿಗೆ ಅಲಂಕಾರ. ಸಂಶೋಧನೆಗೆ ವಿದ್ಯಾರ್ಥಿಯನ್ನು ಹುಡುಕುವ ಪ್ರೊಫೆಸರರಿಗೆ ಆ ಗುಣದಿಂದ ಏನೂ ಆಗಬೇಕಾದದ್ದಿಲ್ಲ.

ಅವಳ ಮೊದಲ ಎರಡು ಸೆಮಿಸ್ಟರಿನ ಅಂಕ ಕಡಿಮೆ ಇತ್ತು. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಆಮೇಲೆ ಒಮ್ಮೆಲೇ ಇಂಗ್ಲಿಷಿಗೆ ಬಂದ ನಮ್ಮ ಮಕ್ಕಳಲ್ಲಿ ಇದು ಹೊಸತಲ್ಲ. ಪತ್ರದಲ್ಲಿ ಹೀಗೆ ಒಂದು ಮಾತು ಹೇಳುವ ಅಧಿಕಾರ ನನಗಿದೆ, ಏಕೆಂದರೆ ಅಂಕಪಟ್ಟಿ ಅದನ್ನು ಹೇಳುವುದಿಲ್ಲ, ಅವಳೇ ಹೇಳಿಕೊಂಡರೆ ನೆಪವೆನಿಸುತ್ತದೆ. ಆದರೆ ಅದಕ್ಕೂ ಆಧಾರ ಬೇಕು. ಮೂರನೆಯ ಸೆಮಿಸ್ಟರಿನಿಂದ ಅಂಕ ಏರುತ್ತ ಹೋಗಿದೆಯೆಂಬುದು ಪಟ್ಟಿಯಲ್ಲೇ ಕಾಣುತ್ತಿತ್ತು, ಅದನ್ನು ತೋರಿಸಿ ಒಂದು ವಾಕ್ಯ ಬರೆದೆ. ಅಂಕ ಏರದೇ ಇದ್ದರೆ ಆ ವಾಕ್ಯವನ್ನು ಬರೆಯುತ್ತಿರಲಿಲ್ಲ. ಮನೆಯಲ್ಲಿ ಕಾಯಿಲೆ, ಸಾವು, ಸಾಲ ಇಂಥ ಕಾರಣಗಳಿದ್ದರೆ ಅವುಗಳನ್ನು ಬರೆಯಬಹುದೇ ಬೇಡವೇ ಎಂದು ನೀವು ಸ್ಪಷ್ಟವಾಗಿ ಹೇಳಬೇಕು. ಕೇಳದೆ ನಾನು ಬರೆಯುವುದಿಲ್ಲ.

ಇನ್ನು ಕೋರ್ಸಿನ ಹೆಸರು ಏಕೆ ಬೇಕು? ಇದೇ ಹುಡುಗಿ ಕೆಲವು ದಿನಗಳ ನಂತರ ಮತ್ತೆ ಕೇಳಿದಳು. ನಮ್ಮ ದೇಶದ್ದೇ ಒಂದು ಸಂಸ್ಥೆಯಲ್ಲಿ ಗ್ರಾಮೀಣಾಭಿವೃದ್ಧಿಯ ಕೋರ್ಸಿಗೂ ಅರ್ಜಿ ಹಾಕಿದ್ದಳು, ಯುರೋಪಿನದ್ದು ಸಿಗದಿದ್ದರೆ ಎಂಬ ಲೆಕ್ಕದಲ್ಲಿ. “ಆ ಪತ್ರವೇ ಸಾಕು ಟೀಚರ್, ಹೆಸರು ಮಾತ್ರ ಬದಲಾಯಿಸಿದರೆ ಆಯಿತು” ಎಂದಳು. ಆಗುವುದಿಲ್ಲ. ಅಗರ್ ಪ್ಲೇಟಿನ ಅಂಚು, ನಡು ಎಂದು ಗ್ರಾಮೀಣಾಭಿವೃದ್ಧಿಯವರಿಗೆ ಹೇಳಿದರೆ, ಈ ಹುಡುಗಿ ಪ್ರಯೋಗಾಲಯ ಬಿಟ್ಟು ಇಲ್ಲಿಗೇಕೆ ಬರುತ್ತಿದ್ದಾಳೆ ಎಂಬ ಪ್ರಶ್ನೆಯನ್ನು ನಾನೇ ಅವರ ಕೈಗೆ ಕೊಟ್ಟಂತೆ.

ಅದೇ ಪ್ರಾಜೆಕ್ಟಿನಲ್ಲಿ ಇನ್ನೊಂದು ಭಾಗವಿತ್ತು. ತೋಟಗಳಿಗೆ ಹೋಗಿ, ಮದ್ದು ಬಿಟ್ಟರೂ ಮಹಾಳಿ ಏಕೆ ಹತೋಟಿಗೆ ಬರಲಿಲ್ಲವೆಂದು ಕೇಳಿಕೊಂಡು ಬರುವ ಕೆಲಸ. ನಮ್ಮಲ್ಲಿ ಮದ್ದು ಎಂದರೆ ಬೋರ್ಡೋ ದ್ರಾವಣ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಒಂದು ಸಲ ಮುಂಗಾರು ಹಿಡಿಯುವ ಮೊದಲು, ಇನ್ನೊಂದು ಸಲ ಸುಮಾರು ನಲವತ್ತು ನಲವತ್ತೈದು ದಿನ ಕಳೆದು. ಅವಳು ಒಂದು ಮನೆಯಲ್ಲಿ ತುಳು, ಮುಂದಿನದರಲ್ಲಿ ಮಲೆಯಾಳ, ಅದರಾಚೆಯದರಲ್ಲಿ ಕನ್ನಡ ಮಾತಾಡಿಕೊಂಡು ಹೋಗಿದ್ದಳು. ಇಲ್ಲಿಯ ಮಕ್ಕಳು ಅದನ್ನೊಂದು ಸಾಮರ್ಥ್ಯವೆಂದೇ ಎಣಿಸುವುದಿಲ್ಲ, ಆದ್ದರಿಂದ ಅರ್ಜಿಯಲ್ಲೂ ಬರೆಯುವುದಿಲ್ಲ. ಒಬ್ಬ ಹಿರಿಯ ಕೃಷಿಕರು ಮದ್ದಿನಲ್ಲೇ ಸತ್ವ ಇಲ್ಲ ಎಂದು ಬೈದರಂತೆ. ಇವಳು ಹಿಂದೆ ಮುಂದೆ ಕೇಳಿ ನೋಡಿದಾಗ ಗೊತ್ತಾದದ್ದು, ಮಳೆ ಬಂದು ಮದ್ದು ಬಿಡುವವರು ಮರ ಇಳಿದರೆ ಉಳಿದ ದ್ರಾವಣವನ್ನು ಹಾಗೆಯೇ ಮುಚ್ಚಿಟ್ಟು ಮರುದಿನ ಬಿಡುತ್ತಿದ್ದರು. ಬೋರ್ಡೋ ದ್ರಾವಣವನ್ನು ಮಾಡಿದ ದಿನವೇ ಬಳಸಬೇಕು, ಇಟ್ಟರೆ ಅದರ ಗುಣ ಹೋಗುತ್ತದೆ. ಅವಳು ಅದನ್ನು ಅವರ ಮುಖಕ್ಕೆ ಹೇಳದೆ, ಹೊಳೆಯುವ ಕಬ್ಬಿಣದ ಕತ್ತಿಯನ್ನು ದ್ರಾವಣದಲ್ಲಿ ಅದ್ದಿ, ಸುಣ್ಣ ಸಾಲದಿದ್ದರೆ ಕೂರುವ ತಾಮ್ರದ ಕೆಂಪು ಕಾಣುತ್ತದೆಯೇ ಎಂದು ನೋಡುವ ಹಳೆಯ ಪರೀಕ್ಷೆಯನ್ನು ಅವರಿಂದಲೇ ಮಾಡಿಸಿ, ಸುಣ್ಣದ ಗುಣಮಟ್ಟದಿಂದ ಮಾತು ಶುರುಮಾಡಿ, ನಿಧಾನಕ್ಕೆ ಮುಚ್ಚಿಟ್ಟ ದ್ರಾವಣದ ವಿಷಯಕ್ಕೆ ಬಂದಿದ್ದಳು. ಎರಡನೆಯ ಪತ್ರದ ಜೀವಾಳ ಇದು. ಪ್ಲೇಟುಗಳ ಕತೆ ಅಲ್ಲಿ ಅರ್ಧ ವಾಕ್ಯಕ್ಕೆ ಇಳಿಯಿತು.

ಒಬ್ಬಳೇ ವಿದ್ಯಾರ್ಥಿನಿ, ಒಂದೇ ಪ್ರಾಜೆಕ್ಟು, ಎರಡು ಪತ್ರಕ್ಕೆ ಸಾಮಾನ್ಯವಾಗಿ ಉಳಿದದ್ದು ಮೊದಲ ಪ್ಯಾರಾ ಮಾತ್ರ: ನಾನು ಯಾರು, ಇವಳನ್ನು ಯಾವ ವರ್ಷದಿಂದ ಯಾವ ವರ್ಷದವರೆಗೆ, ಯಾವ ತರಗತಿಯಲ್ಲಿ, ಯಾವ ಕೆಲಸದಲ್ಲಿ ನೋಡಿದ್ದೇನೆ. ಹೀಗಿರುವಾಗ ಕೋರ್ಸಿನ ಹೆಸರನ್ನೇ ಹೇಳದವರಿಗೆ ನಾನು ಬರೆಯಬಹುದಾದದ್ದು ಯಾರಿಗೆ ಬೇಕಾದರೂ ಹೊಂದುವ ಪತ್ರ. “ಸಂಬಂಧಪಟ್ಟವರಿಗೆ” ಎಂದು ಶುರುವಾಗಿ “ಉಜ್ವಲ ಭವಿಷ್ಯವನ್ನು ಹಾರೈಸುತ್ತೇನೆ” ಎಂದು ಮುಗಿಯುವ ಆ ಪತ್ರವನ್ನು ಓದಿದವರು, ಈ ಟೀಚರಿಗೆ ಹುಡುಗಿಯ ಗುರುತಿಲ್ಲ ಎಂದೇ ತಿಳಿಯುತ್ತಾರೆ.

“ಹಾಗಾದರೆ ನಾನೇ ಬರೆದು ತರುತ್ತೇನೆ, ನೀವು ಸಹಿ ಹಾಕಿ” ಎನ್ನುವವರಿದ್ದಾರೆ. ನಿಜ ಹೇಳಬೇಕೆಂದರೆ ಆ ಅಭ್ಯಾಸವನ್ನು ಮಕ್ಕಳಿಗೆ ಕಲಿಸಿದವರು ಅಧ್ಯಾಪಕರೇ. ಸಮಯವಿಲ್ಲದ ಅಧ್ಯಾಪಕರು “ನೀನೇ ಬರೆದುಕೊಂಡು ಬಾ” ಎನ್ನುತ್ತಾರೆ. ಮೂವರು ಹಾಗೆಂದರೆ ಮೂರು ಪತ್ರವನ್ನೂ ಒಬ್ಬಳೇ ಬರೆಯುತ್ತಾಳೆ. ಮೂರರಲ್ಲೂ ಒಂದೇ ವಿಶೇಷಣ, ಒಂದೇ ತಪ್ಪು, ಕೆಲವೊಮ್ಮೆ ಅಲ್ಪವಿರಾಮದ ಹಿಂದೆ ಬಿಡುವ ಒಂದೇ ಖಾಲಿ ಜಾಗ. ಮೂರನ್ನೂ ಒಂದೇ ಕಡತದಲ್ಲಿಟ್ಟು ಓದುವವರಿಗೆ ಇದು ಕಾಣದೇ ಇರುತ್ತದೆಯೇ? ಅದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ಕಾಯಿಯ ಚಿತ್ರ ಬಿಡಿಸಿ ಚುಕ್ಕೆ ಇಟ್ಟದ್ದು ಹೇಳಬೇಕಾದ ಸಂಗತಿಯೆಂದು ಆ ಹುಡುಗಿಗೆ ಹೊಳೆಯುತ್ತಲೇ ಇರಲಿಲ್ಲ. ತನ್ನ ಬಗ್ಗೆ ಬರೆ ಎಂದರೆ ಅವಳು ಬರೆಯುತ್ತಿದ್ದದ್ದು “ಶ್ರಮಜೀವಿ, ಪ್ರಾಮಾಣಿಕಳು” ಎಂದೇ. ಆದ್ದರಿಂದ ನನಗೆ ನೀವು ಬರೆದ ಪತ್ರ ಬೇಡ, ನೀವು ಮಾಡಿದ ಕೆಲಸದ ವಿವರ ಬೇಕು. ಅದು ಕನ್ನಡದಲ್ಲಿದ್ದರೂ ಆಯಿತು, ವಾಟ್ಸ್ಆ್ಯಪಿನಲ್ಲಿ ಧ್ವನಿ ಸಂದೇಶವಾದರೂ ಆಯಿತು.

ಪತ್ರದ ಜೊತೆಗೆ ಒಂದು ಕೋಷ್ಟಕವನ್ನೂ ತುಂಬಿಸಲು ಹೇಳುವವರಿದ್ದಾರೆ. ಬುದ್ಧಿಶಕ್ತಿ, ಬರವಣಿಗೆ, ಸ್ವತಂತ್ರ ಚಿಂತನೆ ಎಂದೆಲ್ಲ ಎಡಗಡೆ, ಮೇಲಿನ ಶೇಕಡಾ 5, ಮೇಲಿನ ಶೇಕಡಾ 10, ಮೇಲಿನ ಶೇಕಡಾ 25 ಎಂದು ಬಲಗಡೆ. ಎಲ್ಲದಕ್ಕೂ ಮೇಲಿನ ಶೇಕಡಾ 5 ಎಂದೇ ಗುರುತು ಹಾಕಿ ಎಂದು ಕೇಳುತ್ತೀರಿ. ಮೂವತ್ತು ಜನರ ತರಗತಿಯಲ್ಲಿ ಶೇಕಡಾ 5 ಎಂದರೆ ಒಬ್ಬರು ಅಥವಾ ಇಬ್ಬರು. ಅದೇ ತರಗತಿಯ ಐವರಿಗೆ ಅಲ್ಲಿ ಗುರುತು ಹಾಕಿದರೆ ನನ್ನ ಮಾತಿಗೆ ಬೆಲೆ ಇರುವುದಿಲ್ಲ. ನಾನು ನೋಡದ ಗುಣದ ಎದುರು “ಹೇಳಲು ಆಧಾರವಿಲ್ಲ” ಎಂಬ ಚೌಕವಿರುತ್ತದೆ, ಅದರಲ್ಲಿ ಗುರುತು ಹಾಕುತ್ತೇನೆ. ಅದರಿಂದ ನಿಮಗೆ ಕೇಡಾಗುವುದಿಲ್ಲ. ಉಳಿದ ಗುರುತುಗಳನ್ನು ನೋಡಿಯೇ ಹಾಕಿದ್ದಾರೆ ಎಂದು ಓದುವವರಿಗೆ ಅನಿಸುತ್ತದೆ. ಅಮೆರಿಕದ ಅರ್ಜಿಗಳಲ್ಲಿ ಇನ್ನೊಂದು ಚೌಕವಿದೆ: ಪತ್ರವನ್ನು ಮುಂದೆ ನೋಡುವ ಹಕ್ಕನ್ನು ಬಿಟ್ಟುಕೊಡುತ್ತೀರಾ? ಅಲ್ಲಿಯ 1974ರ ಕಾನೂನು ಕೊಟ್ಟ ಹಕ್ಕು ಅದು. ಬಿಟ್ಟುಕೊಡುವುದೇ ರೂಢಿ. ವಿದ್ಯಾರ್ಥಿ ಓದುತ್ತಾಳೆಂದು ಗೊತ್ತಿದ್ದು ಬರೆದ ಪತ್ರವನ್ನು ಅಲ್ಲಿಯವರು ಅಷ್ಟಾಗಿ ನಂಬುವುದಿಲ್ಲ.

ಇನ್ನು ಕಳುಹಿಸುವ ರೀತಿ. ಈಗ ಕಾಗದದ ಪತ್ರವನ್ನು ಲಕೋಟೆಯಲ್ಲಿ ಹಾಕಿ ನಿಮ್ಮ ಕೈಗೆ ಕೊಡುವ ಪದ್ಧತಿ ಹೆಚ್ಚಿನ ಕಡೆ ಹೋಗಿದೆ. ನೀವು ಅರ್ಜಿಯಲ್ಲಿ ನನ್ನ ಇಮೇಲ್ ವಿಳಾಸ ಕೊಡುತ್ತೀರಿ, ಪೋರ್ಟಲ್‌ನಿಂದ ನನಗೊಂದು ಲಿಂಕ್ ಬರುತ್ತದೆ, ನಾನು ಪತ್ರವನ್ನು ಅಲ್ಲಿ ಏರಿಸುತ್ತೇನೆ. ಇದರಲ್ಲಿ ಎಡವುವುದು ಇಮೇಲ್ ವಿಳಾಸದಲ್ಲಿ. ಅನೇಕ ಕಡೆ ಜಿಮೇಲ್ ವಿಳಾಸವನ್ನು ಒಪ್ಪುವುದಿಲ್ಲ, ಸಂಸ್ಥೆಯ ವಿಳಾಸವೇ ಬೇಕೆನ್ನುತ್ತಾರೆ. ವಿದ್ಯಾರ್ಥಿಯೇ ಅಧ್ಯಾಪಕರ ಹೆಸರಿನಲ್ಲಿ ಖಾತೆ ತೆರೆದು ತನಗೆ ತಾನೇ ಪತ್ರ ಬರೆದುಕೊಳ್ಳುವುದನ್ನು ತಡೆಯಲು ಹಾಗೆ ಮಾಡುತ್ತಾರೆ. ನಮ್ಮ ಕಾಲೇಜುಗಳಲ್ಲಿ ಎಷ್ಟೋ ಅಧ್ಯಾಪಕರು ದಿನನಿತ್ಯ ಬಳಸುವುದು ಸ್ವಂತ ಜಿಮೇಲನ್ನೇ. ಕಾಲೇಜಿನ ವಿಳಾಸ ಇದ್ದರೂ ಅದರ ಪಾಸ್‌ವರ್ಡ್ ಯಾರ ಬಳಿಯಿದೆಯೆಂದು ಹುಡುಕಲು ಒಂದು ದಿನ ಬೇಕು. ಹಾಗಾಗಿ ಯಾವ ವಿಳಾಸ ಕೊಡಬೇಕೆಂದು ಮೊದಲೇ ಕೇಳಿ, ನಿಮಗೆ ಗೊತ್ತಿರುವ ಹಳೆಯ ವಿಳಾಸವನ್ನು ಕೊಟ್ಟು ಸುಮ್ಮನಾಗಬೇಡಿ. ಪೋರ್ಟಲಿನ ಇಮೇಲ್ ಬಹಳ ಸಲ ಸ್ಪ್ಯಾಮಿಗೆ ಹೋಗಿ ಬೀಳುತ್ತದೆ. ಅರ್ಜಿ ಸಲ್ಲಿಸಿದ ದಿನವೇ “ಟೀಚರ್, ಇಂಥ ವಿಳಾಸದಿಂದ ಲಿಂಕ್ ಬರಬೇಕು, ನೋಡಿ” ಎಂದು ಒಂದು ಮಾತು ಹಾಕಿದರೆ ನಾನು ಹುಡುಕಿ ತೆಗೆಯುತ್ತೇನೆ.

ಕೊನೆಯ ದಿನಾಂಕದ ಜೊತೆ ಗಂಟೆಯನ್ನೂ ಹೇಳಿ. ಜನವರಿ 15ರ ರಾತ್ರಿ 11:59, ಮಧ್ಯ ಯುರೋಪಿನ ಸಮಯ ಎಂದಿದ್ದರೆ ನಮ್ಮಲ್ಲಿ ಅದು 16ರ ಬೆಳಗಿನ ಜಾವ 4:29. ನನ್ನ ಮಟ್ಟಿಗೆ ಅದು 15ರ ಸಂಜೆ. ಕರೆಂಟು ಹೋದರೆ ಬರುವುದು ಯಾವಾಗಲೋ ಎನ್ನುವ ಊರಿನಲ್ಲಿ ಬೆಳಗಿನ ಜಾವದ ಲೆಕ್ಕ ಇಟ್ಟುಕೊಳ್ಳಬಾರದು. ನನಗೆ ಮೂರು ವಾರ ಬೇಕು. ಬರೆಯಲು ಒಂದು ಸಂಜೆ ಸಾಕು, ಆದರೆ ಆ ಸಂಜೆ ಸಿಗುವುದು ಉತ್ತರಪತ್ರಿಕೆಗಳ ನಡುವೆ.

ಕೆಲವರಿಗೆ ಇಲ್ಲ ಎನ್ನುತ್ತೇನೆ. ಅದರಲ್ಲಿ ಕೋಪವೇನೂ ಇಲ್ಲ. ವಿವರ ಕೊಟ್ಟ ಮೇಲೂ ನನಗೆ ಹೇಳಲು ಎರಡು ಸಾಲಿಗಿಂತ ಹೆಚ್ಚು ಸಿಗದಿದ್ದರೆ, ಆ ಎರಡು ಸಾಲನ್ನು ಎಳೆದು ಒಂದು ಪುಟ ಮಾಡಿ ಕಳುಹಿಸುವುದರಿಂದ ಹಾನಿಯೇ ಹೆಚ್ಚು. ಪತ್ರ ಸಪ್ಪೆಯಾಗಿದ್ದರೆ ಓದುವವರು ಅದನ್ನು ನನ್ನ ಅಜ್ಞಾನವೆಂದು ತಿಳಿಯದೆ ನಿಮ್ಮ ಸಾಧಾರಣತೆಯೆಂದು ತಿಳಿಯಬಹುದು. ಅಂಥವರಿಗೆ ನಾನು ಕೇಳುವುದು, ನಿನ್ನ ಕೆಲಸವನ್ನು ಹತ್ತಿರದಿಂದ ನೋಡಿದವರು ಯಾರು ಎಂದು. ಬಹಳ ಸಲ ಅವರು ಆಗಷ್ಟೇ ಸೇರಿದ ಅತಿಥಿ ಅಧ್ಯಾಪಕರಾಗಿರುತ್ತಾರೆ. ದೊಡ್ಡ ಹುದ್ದೆಯವರೇ ಬರೆಯಬೇಕು, ಪ್ರಾಂಶುಪಾಲರ ಸಹಿಯಾದರೆ ತೂಕ ಹೆಚ್ಚು ಎಂದು ಮನೆಯವರು ಒತ್ತಾಯಿಸುತ್ತಾರೆ. ನಿಮ್ಮ ಮುಖವನ್ನೇ ನೋಡದ ಪ್ರಾಂಶುಪಾಲರು ಬರೆದದ್ದಕ್ಕಿಂತ, ವಾರಕ್ಕೆ ಮೂರು ಮಧ್ಯಾಹ್ನ ಪ್ರಯೋಗಾಲಯದಲ್ಲಿ ನಿಮ್ಮ ಪಕ್ಕದಲ್ಲಿ ನಿಂತ ಅತಿಥಿ ಅಧ್ಯಾಪಕರು ಬರೆದದ್ದು ಮೇಲು. ಸಂಸ್ಥೆಯವರು ನಿರ್ದಿಷ್ಟ ಹುದ್ದೆಯವರನ್ನೇ ಕೇಳಿದ್ದರೆ ಮಾತ್ರ ಬೇರೆ ದಾರಿಯಿಲ್ಲ. ಆಗ ಅತಿಥಿ ಅಧ್ಯಾಪಕರು ವಿವರವನ್ನು ಬರೆದುಕೊಟ್ಟು, ವಿಭಾಗದ ಮುಖ್ಯಸ್ಥರು ಅವರ ಹೆಸರನ್ನು ಹೇಳಿಯೇ ಅದನ್ನು ಪತ್ರದಲ್ಲಿ ಸೇರಿಸುವುದುಂಟು.

ಸರಿ, ಏನೆಂದು ಬರೆದು ಕೇಳಬೇಕು? ಹೀಗೆ ಬರೆದರೆ ನಾನು ಅಂದೇ ಕಪಾಟಿನ ಕೀಲಿ ಹುಡುಕುತ್ತೇನೆ:

“ಟೀಚರೇ, ನನ್ನ ಹೆಸರು ಇಂಥದ್ದು, ರಿಜಿಸ್ಟರ್ ನಂಬರು ಇಂಥದ್ದು. ನಾನು 2021ರಲ್ಲಿ ಬಿ.ಎಸ್‌ಸಿ. ಸಸ್ಯಶಾಸ್ತ್ರಕ್ಕೆ ಸೇರಿದವಳು, ಪೆರ್ಲದ ಕಡೆಯಿಂದ ಬರುತ್ತಿದ್ದೆ. ಮೂರನೆಯ ವರ್ಷದಲ್ಲಿ ನೀವು ನಮ್ಮ ಗುಂಪಿಗೆ ಗೈಡ್ ಆಗಿದ್ದಿರಿ, ಪಳ್ಳದ ಬದಿಯ ಜರಿಗಿಡಗಳ ಪ್ರಾಜೆಕ್ಟು. ಮಾದರಿಗಳನ್ನು ಒತ್ತಿ ಒಣಗಿಸುವುದೂ ಹಾಳೆಗೆ ಅಂಟಿಸುವುದೂ ನನ್ನ ಕೆಲಸ. ಈಗ ಇಂಥ ವಿಶ್ವವಿದ್ಯಾಲಯದ ಸಸ್ಯ ವರ್ಗೀಕರಣದ ಎಂ.ಎಸ್‌ಸಿ.ಗೆ ಅರ್ಜಿ ಹಾಕುತ್ತಿದ್ದೇನೆ. ಅವರು ಇಬ್ಬರ ಪತ್ರ ಕೇಳಿದ್ದಾರೆ, ಇನ್ನೊಂದನ್ನು ರಸಾಯನಶಾಸ್ತ್ರದ ಸರ್ ಬರೆಯುತ್ತಾರೆ. ಪತ್ರದಲ್ಲಿ ಸ್ವತಂತ್ರವಾಗಿ ಕೆಲಸ ಮಾಡುವ ಸಾಮರ್ಥ್ಯದ ಬಗ್ಗೆ ಹೇಳಬೇಕೆಂದಿದೆ, ಆ ಪುಟವನ್ನೂ ಅಂಕಪಟ್ಟಿಯನ್ನೂ ನನ್ನ ಉದ್ದೇಶ ಪತ್ರವನ್ನೂ ಕಳುಹಿಸಿದ್ದೇನೆ. ಕೊನೆಯ ದಿನ ಜನವರಿ 15, ಮಧ್ಯ ಯುರೋಪಿನ ಸಮಯ ರಾತ್ರಿ 11:59. ನಿಮಗೆ ಬರೆಯಲು ಆಗುತ್ತದೆಯೇ? ಆಗದಿದ್ದರೂ ಹೇಳಿ, ಬೇರೆಯವರನ್ನು ಕೇಳುತ್ತೇನೆ.”

ರಸಾಯನಶಾಸ್ತ್ರದ ಸರ್ ಏನು ಬರೆಯುತ್ತಾರೆಂದು ಗೊತ್ತಿದ್ದರೆ ನಾನು ಅದನ್ನೇ ಮತ್ತೆ ಬರೆಯುವುದಿಲ್ಲ, ಜರಿಗಿಡಗಳ ಕಡೆಗೇ ನಿಲ್ಲುತ್ತೇನೆ. ಕೊನೆಯ ವಾಕ್ಯವೂ ಬೇಕು. ಇಲ್ಲ ಎನ್ನಲು ದಾರಿ ಕೊಟ್ಟಾಗ ಹೌದು ಎಂದವರ ಪತ್ರ ಚೆನ್ನಾಗಿರುತ್ತದೆ.

ಇನ್ನೊಂದು ಸಂಗತಿ ಸರ್ಕಾರಿ ಕಾಲೇಜಿನವರಿಗೆ. ನಿಮಗೆ ಕಲಿಸಿದವರು ವರ್ಗವಾಗಿ ಬೇರೆ ಜಿಲ್ಲೆಗೆ ಹೋಗಿರಬಹುದು, ನಿವೃತ್ತರಾಗಿರಬಹುದು. ಅವರು ಬರೆಯಬಾರದೆಂದೇನೂ ಇಲ್ಲ. ವರ್ಗವಾದವರು ಈಗಿನ ಕಾಲೇಜಿನ ಲೆಟರ್‌ಹೆಡ್‌ನಲ್ಲಿ, ಮೊದಲು ಇಂಥ ಕಾಲೇಜಿನಲ್ಲಿದ್ದಾಗ ಕಲಿಸಿದೆ ಎಂದು ಮೊದಲ ಸಾಲಿನಲ್ಲೇ ಹೇಳಿದರಾಯಿತು. ನಿವೃತ್ತರು ಬಿಳಿ ಹಾಳೆಯಲ್ಲಿ ತಮ್ಮ ಹಿಂದಿನ ಹುದ್ದೆ, ಕೆಲಸ ಮಾಡಿದ ವರ್ಷಗಳು, ಈಗಿನ ವಿಳಾಸ, ದೂರವಾಣಿ ಬರೆದು ಸಹಿ ಹಾಕುತ್ತಾರೆ. ಸಂಸ್ಥೆಯ ಇಮೇಲ್ ಇಲ್ಲದಿದ್ದರೆ ಕಾರಣ ತಿಳಿಸಿ ಪ್ರವೇಶ ಕಚೇರಿಗೆ ನೀವು ಮೊದಲೇ ಒಂದು ಇಮೇಲ್ ಹಾಕಬೇಕು. ಲಿಂಕ್ ಹೋಗಿ, ಅವರು ಪತ್ರ ಏರಿಸಿ, ಪೋರ್ಟಲ್ ಅದನ್ನು ತಿರಸ್ಕರಿಸಿದ ಮೇಲೆ ಬರೆದರೆ ಉತ್ತರ ಬರುವಷ್ಟರಲ್ಲಿ ದಿನಾಂಕ ದಾಟಿರುತ್ತದೆ.